ಹಾಸಿಗೆ ಹಿಡಿದವರ ತೂಕ: ಮಂಡಿ, ತೋಳಿನ ಅಳತೆ ಎಲ್ಲಿ ತಪ್ಪುತ್ತದೆ?

ಪ್ರಶ್ನೆ: ಅಮ್ಮನಿಗೆ 74 ವರ್ಷ. ಏಳು ತಿಂಗಳ ಹಿಂದೆ ಸ್ಟ್ರೋಕ್ ಆಗಿ ಎಡಗೈ, ಎಡಗಾಲು ಸ್ವಾಧೀನ ಇಲ್ಲ. ಮೂಗಿನ ಟ್ಯೂಬಿನಲ್ಲೇ ಆಹಾರ. ಕಳೆದ ತಿಂಗಳು ಮನೆಗೆ ಬಂದ ನರ್ಸ್ ಟೇಪಿನಲ್ಲಿ ಅಳೆದು ಮಂಡಿ 46, ತೋಳು 22 ಸೆಂ.ಮೀ. ಅಂತ ಬರೆದು ತೂಕ 43.6 ಕಿಲೋ ಅಂದರು. ಈ ತಿಂಗಳು ಬೇರೆ ನರ್ಸ್ ಬಂದರು. ಅವರು ಮಂಡಿ 49, ತೋಳು 24.5 ಅಂತ ಬರೆದು 53.6 ಕಿಲೋ ಅಂದರು. ಒಂದೇ ತಿಂಗಳಲ್ಲಿ ಹತ್ತು ಕಿಲೋ ಜಾಸ್ತಿ ಆಗುತ್ತಾ? ನಮ್ಮ ಕಣ್ಣಿಗೆ ಅಮ್ಮ ಇನ್ನೂ ಸೊರಗಿದ ಹಾಗೇ ಕಾಣುತ್ತಾರೆ. ತೂಕ ಏರಿದೆ, ಫೀಡ್ ಸ್ವಲ್ಪ ಕಡಿಮೆ ಮಾಡಬಹುದು ಅಂತಲೂ ಹೇಳಿ ಹೋಗಿದ್ದಾರೆ. ಯಾವುದನ್ನು ನಂಬೋದು? ನಾವೇ ಮನೆಯಲ್ಲಿ ಅಳೆಯಬಹುದಾ?
— ಒಬ್ಬ ಮಗಳು, ಉಡುಪಿ

ಉತ್ತರ:

ಮೊದಲು ಒಂದು ಮಾತು. ಈ ಅಳತೆಯನ್ನು ನಂಬಿ ಫೀಡ್ ಕಡಿಮೆ ಮಾಡಬೇಡಿ. ಅಮ್ಮ ಸೊರಗಿದ್ದಾರೆ ಅಂತ ನಿಮ್ಮ ಕಣ್ಣು ಹೇಳುತ್ತಿರುವುದೇ ಸರಿ ಇರುವ ಸಾಧ್ಯತೆ ಜಾಸ್ತಿ. ಯಾಕೆ ಅನ್ನುವುದಕ್ಕೆ ಸಾಕ್ಷಿ ನೀವು ಬರೆದು ಕಳಿಸಿದ ನಾಲ್ಕು ಅಂಕಿಗಳಲ್ಲೇ ಇದೆ.

ತೂಕ ಬಿಡಿ, ಮಂಡಿಯ ಅಳತೆ ನೋಡಿ. 46 ಇದ್ದದ್ದು 49 ಆಗಿದೆ. ಮಂಡಿ ಎತ್ತರ ಅಂದರೆ ಹಿಮ್ಮಡಿಯಿಂದ ಮಂಡಿಯ ಮೇಲಿನ ತನಕ ಇರುವ ಕಾಲಿನ ಉದ್ದ. ಅದರಲ್ಲಿ ಹೆಚ್ಚಿನ ಪಾಲು ಮೂಳೆ. ಊಟ ಕಡಿಮೆಯಾದರೆ ಅದು ಕುಗ್ಗುವುದಿಲ್ಲ, ಜಾಸ್ತಿಯಾದರೆ ಬೆಳೆಯುವುದೂ ಇಲ್ಲ. ವಯಸ್ಸಾದ ಮೇಲೆ ಬೆನ್ನು ಬಾಗಿ ಎತ್ತರ ಕಡಿಮೆಯಾದರೂ ಕಾಲಿನ ಈ ಉದ್ದ ಹಾಗೇ ಉಳಿಯುತ್ತದೆ. ನಿಲ್ಲಲಾಗದವರ ಎತ್ತರ ತಿಳಿಯಲು ಇದನ್ನು ಆರಿಸಿಕೊಂಡದ್ದೇ ಆ ಕಾರಣಕ್ಕೆ. ಹಾಗಿರುವಾಗ 74ರ ವಯಸ್ಸಿನಲ್ಲಿ ಒಂದು ತಿಂಗಳಿಗೆ ಮೂರು ಸೆಂ.ಮೀ. ಏರಿದೆ ಅಂದರೆ ಎರಡರಲ್ಲಿ ಒಂದು ಅಳತೆ ತಪ್ಪು. ತೋಳಿನ ಅಳತೆ ನಿಜಕ್ಕೂ ಏರಬಹುದು, ಇಳಿಯಬಹುದು. ಮಂಡಿಯದ್ದು ಹಾಗಲ್ಲ. ಅದಕ್ಕೇ ನಾನು ಹಳೆಯ ಮತ್ತು ಹೊಸ ಕಾಗದ ಎರಡನ್ನೂ ಪಕ್ಕದಲ್ಲಿ ಇಟ್ಟುಕೊಂಡಾಗ ಮೊದಲು ನೋಡುವುದು ಮಂಡಿಯ ಅಂಕಿ. ಅದು ಅರ್ಧ ಸೆಂಟಿಮೀಟರಿಗಿಂತ ಜಾಸ್ತಿ ಬದಲಾಗಿದ್ದರೆ ಉಳಿದ ಅಂಕಿಗಳನ್ನೂ ಅಲ್ಲಿಗೇ ನಿಲ್ಲಿಸಿ ಮತ್ತೆ ಅಳೆಯಬೇಕು.

ಈಗ ಲೆಕ್ಕ ಎಲ್ಲಿಂದ ಬಂತು ಅಂತ ನೋಡೋಣ. ಅಮೆರಿಕದ ಚಮ್ಲಿಯಾ ಮತ್ತು ಅವರ ಜೊತೆಯವರು 1985ರಲ್ಲಿ 60ರಿಂದ 90 ವರ್ಷದವರಿಗಾಗಿ ಮಂಡಿ ಎತ್ತರದಿಂದ ಮೈಯ ಎತ್ತರ ಕಂಡುಹಿಡಿಯುವ ಸೂತ್ರ ಕೊಟ್ಟರು. ಆಸ್ಪತ್ರೆಗಳಲ್ಲಿ ಈಗಲೂ ಹೆಚ್ಚಾಗಿ ಬಳಸುವುದು ಅದನ್ನೇ. ಹೆಂಗಸರಿಗೆ ಅದು ಹೀಗಿದೆ:

ಎತ್ತರ (ಸೆಂ.ಮೀ.) = 84.88 − (0.24 × ವಯಸ್ಸು) + (1.83 × ಮಂಡಿ ಎತ್ತರ)

ಗಂಡಸರಿಗೆ:

ಎತ್ತರ (ಸೆಂ.ಮೀ.) = 64.19 − (0.04 × ವಯಸ್ಸು) + (2.02 × ಮಂಡಿ ಎತ್ತರ)

ತೂಕಕ್ಕೆ ಮಂಡಿ ಎತ್ತರದ ಜೊತೆ ತೋಳಿನ ಸುತ್ತಳತೆಯೂ ಬೇಕು. 60ರಿಂದ 80 ವರ್ಷದ ಹೆಂಗಸರಿಗೆ:

ತೂಕ (ಕಿಲೋ) = (1.09 × ಮಂಡಿ ಎತ್ತರ) + (2.68 × ತೋಳಿನ ಸುತ್ತಳತೆ) − 65.51

ಅದೇ ವಯಸ್ಸಿನ ಗಂಡಸರಿಗೆ:

ತೂಕ (ಕಿಲೋ) = (1.10 × ಮಂಡಿ ಎತ್ತರ) + (3.07 × ತೋಳಿನ ಸುತ್ತಳತೆ) − 75.81

ನಿಮ್ಮ ಅಮ್ಮನ ಮೊದಲ ಅಳತೆ ಹಾಕಿ ನೋಡಿ. ವಯಸ್ಸು 74, ಮಂಡಿ 46. ಎತ್ತರ 84.88ರಿಂದ 17.76 ಕಳೆದು 84.18 ಕೂಡಿಸಿದರೆ 151.3 ಸೆಂ.ಮೀ. ತೂಕಕ್ಕೆ ಮಂಡಿಯಿಂದ 50.14, ತೋಳಿನಿಂದ 58.96. ಎರಡನ್ನೂ ಕೂಡಿಸಿ 65.51 ಕಳೆದರೆ 43.6 ಕಿಲೋ. ಮೊದಲ ನರ್ಸ್ ಹೇಳಿದ್ದು ಇದೇ.

ಎರಡನೆಯ ಅಳತೆಯನ್ನೂ ಹೀಗೇ ಹಾಕಿದರೆ ಎತ್ತರ 156.8 ಸೆಂ.ಮೀ., ತೂಕ 53.6 ಕಿಲೋ. ಅಂದರೆ ಎರಡನೆಯವರೂ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಆ ಹತ್ತು ಕಿಲೋ ಎಲ್ಲಿಂದ ಬಂತು ಅಂತ ಬಿಡಿಸಿ ನೋಡಿ. ಮಂಡಿಯ ಮೂರು ಸೆಂಟಿಮೀಟರಿನಿಂದ ಬಂದದ್ದು 3.3 ಕಿಲೋ. ತೋಳಿನ ಎರಡೂವರೆ ಸೆಂಟಿಮೀಟರಿನಿಂದ ಬಂದದ್ದು 6.7 ಕಿಲೋ. ತೋಳಿನ ಸುತ್ತ ಟೇಪು ಒಂದೇ ಒಂದು ಸೆಂಟಿಮೀಟರ್ ಆಚೀಚೆ ಆದರೂ ತೂಕದಲ್ಲಿ ಎರಡೂಮುಕ್ಕಾಲು ಕಿಲೋ ಹತ್ತಿರ ವ್ಯತ್ಯಾಸ ಬರುತ್ತದೆ. ಈ ಇಡೀ ವಿಷಯದಲ್ಲಿ ಮನೆಯವರು ನೆನಪಿಡಬೇಕಾದ ಅಂಕಿ ಇದೊಂದೇ.

ಹಾಗಾದರೆ ಎರಡನೆಯ ಸಲ ಏನಾಗಿರಬಹುದು? ನನ್ನ ಅಂದಾಜು, ಅವರು ಎಡಗಡೆ ಅಳೆದಿದ್ದಾರೆ. ಅದು ಅವರ ಅಸಡ್ಡೆ ಅಲ್ಲ. ಮಂಡಿ ಎತ್ತರವನ್ನು ಎಡಗಾಲಿನಲ್ಲೇ ಅಳೆಯಬೇಕು ಅಂತ ಪಾಠದಲ್ಲಿ ಕಲಿಸುತ್ತಾರೆ. ಎಲ್ಲರೂ ಒಂದೇ ಕಡೆ ಅಳೆಯಲಿ ಅಂತ ಮಾಡಿಕೊಂಡ ನಿಯಮ ಅದು. ಆದರೆ ಎಡಭಾಗಕ್ಕೇ ಸ್ಟ್ರೋಕ್ ಆದವರಲ್ಲಿ ಆ ನಿಯಮ ಕೈಕೊಡುತ್ತದೆ. ಸ್ವಾಧೀನ ಇಲ್ಲದ ಕಾಲಿನ ಪಾದ ಕೆಳಕ್ಕೆ ಜೋತುಬೀಳುತ್ತದೆ. ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಹಿಂಬದಿಯ ಸ್ನಾಯು ಬಿಗಿದು ಪಾದ ನೆಟ್ಟಗೆ ಮಡಚುವುದೇ ಇಲ್ಲ. ಆಗ ಹಿಮ್ಮಡಿಯ ಅಡಿಗೆ ಸಿಗಬೇಕಾದ ಅಳತೆ ಪಾದದ ಮುಂಭಾಗದ ಅಡಿಗೆ ಸಿಗುತ್ತದೆ. ಮೂರು ಸೆಂ.ಮೀ. ಜಾಸ್ತಿಯಾಗಲು ಅಷ್ಟು ಸಾಕು.

ಕೈಯದ್ದೂ ಅದೇ ಕಥೆ. ಅಲ್ಲಾಡದ ಕೈಯನ್ನು ದಿನವಿಡೀ ಕೆಳಗೆ ಇಟ್ಟರೆ ನೀರು ತುಂಬಿ ಊದಿಕೊಳ್ಳುತ್ತದೆ. ಟೇಪಿಗೆ ನೀರು ಯಾವುದು, ಮಾಂಸ ಯಾವುದು ಅಂತ ಗೊತ್ತಾಗುವುದಿಲ್ಲ. ನೀವು ಇವತ್ತೇ ಪರೀಕ್ಷೆ ಮಾಡಬಹುದು. ಅಮ್ಮನ ಎಡ ಮುಂಗೈಯ ಮೇಲೆ, ಆಮೇಲೆ ತೋಳಿನ ಮೇಲೆ ಹೆಬ್ಬೆರಳಿನಿಂದ ಐದಾರು ಸೆಕೆಂಡ್ ಮೆಲ್ಲಗೆ ಒತ್ತಿ ಹಿಡಿದು ಬಿಡಿ. ಬೆರಳಿನ ಗುಳಿ ಹಾಗೇ ಉಳಿದರೆ ಅಲ್ಲಿ ನೀರಿದೆ. ಆಮೇಲೆ ಎರಡೂ ತೋಳು ಅಳೆದು ನೋಡಿ. ಎಡ ತೋಳು ಬಲದ್ದಕ್ಕಿಂತ ಎರಡು ಸೆಂ.ಮೀ. ದಪ್ಪ ಇದ್ದರೆ ನಿಮ್ಮ ಹತ್ತು ಕಿಲೋದ ಗುಟ್ಟು ಅಲ್ಲೇ ಸಿಕ್ಕಿತು. ಊತ ಹೊಸದಾಗಿ ಬಂದಿದ್ದರೆ, ಕೈ ಬಿಸಿಯಾಗಿ ಕೆಂಪಗಿದ್ದರೆ ಅಥವಾ ಮುಟ್ಟಿದರೆ ನೋವಾದರೆ, ಅದನ್ನು ಬರೀ ಅಳತೆಯ ವಿಷಯ ಅಂತ ಬಿಡಬೇಡಿ. ಅದೇ ದಿನ ಡಾಕ್ಟರಿಗೆ ತೋರಿಸಿ. ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದರೂ ಹಾಗಾಗುತ್ತದೆ.

ಒಂದು ಮಾತು ಇಲ್ಲೇ ಸೇರಿಸುತ್ತೇನೆ. ಸ್ವಾಧೀನ ಇಲ್ಲದ ತೋಳು ಯಾವಾಗಲೂ ತೂಕವನ್ನು ಜಾಸ್ತಿಯೇ ತೋರಿಸುತ್ತದೆ ಅಂತಲ್ಲ. ಊತ ಇಳಿದ ಮೇಲೆ ಆ ತೋಳಿನ ಮಾಂಸ ಕರಗಿ ಸಣ್ಣಗಾಗುತ್ತದೆ. ಆಗ ಅದೇ ತೋಳು ತೂಕವನ್ನು ಕಡಿಮೆ ತೋರಿಸುತ್ತದೆ. ಎರಡೂ ರೀತಿಯಲ್ಲಿ ಅದು ನಂಬಿಕೆಗೆ ಬಾರದು. ನಿಮ್ಮ ಅಮ್ಮನಿಗೆ ಕೈ, ಕಾಲು ಎರಡೂ ಬಲಗಡೆಯದ್ದನ್ನೇ ಅಳೆಯಿರಿ. ಫೈಲಿನ ಮೊದಲ ಪುಟದಲ್ಲಿ "ಅಳತೆ ಬಲಗಡೆ ಮಾತ್ರ" ಅಂತ ದೊಡ್ಡದಾಗಿ ಬರೆದಿಡಿ. ಮುಂದೆ ಯಾವ ನರ್ಸ್ ಬಂದರೂ ಗೊಂದಲ ಇರುವುದಿಲ್ಲ. ಡಯಾಲಿಸಿಸ್‌ಗೆ ಫಿಸ್ಟುಲಾ ಮಾಡಿದ ಕೈ, ಡ್ರಿಪ್ ಹಾಕಿ ಊದಿದ ಕೈ, ಸ್ತನದ ಆಪರೇಷನ್ ಆದ ಬದಿಯ ಕೈ ಇವುಗಳಿಗೂ ಇದೇ ಮಾತು: ಆ ಕೈ ಬಿಟ್ಟು ಇನ್ನೊಂದನ್ನು ಅಳೆಯಬೇಕು.

ಇನ್ನು ಮನೆಯಲ್ಲಿ ಅಳೆಯುವುದು ಹೇಗೆ ಅಂದಿರಿ. ಖಂಡಿತ ಅಳೆಯಬಹುದು, ಆದರೆ ಇಬ್ಬರು ಬೇಕು. ಒಬ್ಬರೇ ಕಾಲೂ ಹಿಡಿದು ಟೇಪೂ ಹಿಡಿಯಲು ಹೋದರೆ ಅಂಕಿ ಸರಿ ಬರುವುದಿಲ್ಲ.

ಆಸ್ಪತ್ರೆಯಲ್ಲಿ ಮಂಡಿ ಅಳೆಯಲು ಕ್ಯಾಲಿಪರ್ ಇರುತ್ತದೆ. ಒಂದು ಉದ್ದ ಪಟ್ಟಿ, ಅದಕ್ಕೆ ಎರಡು ಅಡ್ಡ ತಟ್ಟೆ. ಒಂದು ಹಿಮ್ಮಡಿಯ ಅಡಿಗೆ, ಇನ್ನೊಂದು ತೊಡೆಯ ಮೇಲೆ. ಮನೆಯಲ್ಲಿ ಎರಡು ಗಟ್ಟಿ ರಟ್ಟಿನ ಪುಸ್ತಕ ಮತ್ತು ಕಬ್ಬಿಣದ ಟೇಪು ಇದ್ದರೆ ಅದೇ ಕೆಲಸ ಆಗುತ್ತದೆ. ಅಮ್ಮನನ್ನು ಅಂಗಾತ ಮಲಗಿಸಿ. ಬಲಗಾಲನ್ನು ಎತ್ತಿ ಮಂಡಿಯನ್ನು ನೇರ ಮೂಲೆಗೆ ಮಡಚಿ. ಮಕ್ಕಳ ಜಿಯೊಮೆಟ್ರಿ ಬಾಕ್ಸಿನ ಸೆಟ್‌ಸ್ಕ್ವೇರ್ ಮಂಡಿಯ ಹಿಂದೆ ಹಿಡಿದು ನೋಡಿದರೆ 90 ಡಿಗ್ರಿ ಆಗಿದೆಯಾ ಅಂತ ಗೊತ್ತಾಗುತ್ತದೆ. ಪಾದವೂ ಕಾಲಿಗೆ ನೇರ ಮೂಲೆಯಲ್ಲಿರಬೇಕು. ನೆಲದ ಮೇಲೆ ಊರಿ ನಿಂತಾಗ ಹೇಗಿರುತ್ತದೋ ಹಾಗೆ. ಒಬ್ಬರು ಮೀನಖಂಡದ ಕೆಳಗೆ ಒಂದು ಕೈ, ಪಾದಕ್ಕೆ ಒಂದು ಕೈ ಕೊಟ್ಟು ಹಿಡಿದುಕೊಳ್ಳಲಿ.

ಈಗ ಒಂದು ಪುಸ್ತಕವನ್ನು ಪಾದದ ಅಡಿಗೆ ಒತ್ತಿ, ಹಿಮ್ಮಡಿಗೆ ಪೂರ್ತಿ ತಾಗುವ ಹಾಗೆ. ಇನ್ನೊಂದನ್ನು ತೊಡೆಯ ಮೇಲೆ ಇಡಿ. ಎಲ್ಲಿ ಅನ್ನುವುದು ಮುಖ್ಯ. ಮಂಡಿ ಚಿಪ್ಪಿನ ಮೇಲೆ ಇಡಬಾರದು. ಚಿಪ್ಪಿನಿಂದ ತೊಡೆಯ ಕಡೆಗೆ ಸುಮಾರು 5 ಸೆಂ.ಮೀ. ಬಿಟ್ಟು ಇಡಬೇಕು. ಎರಡು ಪುಸ್ತಕಗಳೂ ಒಂದಕ್ಕೊಂದು ಸಮಾನಾಂತರವಾಗಿರಲಿ. ಕಾಲಿನ ಹೊರಬದಿಯಲ್ಲಿ, ಪಾದದ ಗಂಟಿನ ಮೂಳೆಯ ಮೇಲೆ ಹಾದು ಹೋಗುವ ಹಾಗೆ ಟೇಪು ನೆಟ್ಟಗೆ ಹಿಡಿದು ಎರಡು ಪುಸ್ತಕಗಳ ನಡುವಿನ ಅಂತರ ನೋಡಿ. ಟೇಪನ್ನು ಕಾಲಿನ ಚರ್ಮಕ್ಕೆ ಅಂಟಿಸಿ ಉಬ್ಬುತಗ್ಗಿನ ಮೇಲೆ ಹಾಯಿಸಬಾರದು, ಉದ್ದ ಜಾಸ್ತಿ ಬರುತ್ತದೆ. ಟೈಲರ್ ಟೇಪು ಇದಕ್ಕೆ ಸರಿಯಲ್ಲ, ಅದು ಬಳುಕುತ್ತದೆ. ಎರಡು ಸಲ ಅಳೆಯಿರಿ. ಎರಡೂ ಅರ್ಧ ಸೆಂಟಿಮೀಟರಿನ ಒಳಗೆ ಬಂದರೆ ಸರಾಸರಿ ಬರೆಯಿರಿ. ಬರದಿದ್ದರೆ ಕಾಲನ್ನು ಇಳಿಸಿ, ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಮಾಡಿ.

ಗಾಲಿಕುರ್ಚಿಯಲ್ಲಿ ಕೂರಿಸಲು ಆಗುವುದಾದರೆ ಇನ್ನೂ ಸುಲಭ. ಪಾದ ನೆಲಕ್ಕೆ ಪೂರ್ತಿ ಊರಿದ್ದು, ಮಂಡಿ ನೇರ ಮೂಲೆಯಲ್ಲಿದ್ದರೆ ಒಂದು ಪುಸ್ತಕ ಸಾಕು, ನೆಲವೇ ಇನ್ನೊಂದು. ಸೊಂಟದ ಮೂಳೆ ಮುರಿದವರಿಗೆ, ಮಂಡಿ ಬಿಗಿದು ಮಡಚದವರಿಗೆ ಇದನ್ನು ಬಲವಂತವಾಗಿ ಮಾಡಬೇಡಿ. ಅಂಥವರಿಗೆ ಮೊಣಕೈ ತುದಿಯಿಂದ ಮಣಿಕಟ್ಟಿನ ಮೂಳೆಯ ತನಕ ಅಳೆದು ಎತ್ತರ ಅಂದಾಜು ಮಾಡುವ ಪಟ್ಟಿ ಡಯಟೀಷಿಯನ್ನರ ಹತ್ತಿರ ಇರುತ್ತದೆ.

ಮಂಡಿಯದ್ದು ಒಂದು ಸಲ ಸರಿಯಾಗಿ ಅಳೆದರೆ ಮುಗಿಯಿತು, ಪ್ರತಿ ತಿಂಗಳೂ ಬೇಡ. ಪ್ರತಿ ತಿಂಗಳು ಬೇಕಾದ್ದು ತೋಳು. ತಪ್ಪು ಜಾಸ್ತಿ ಆಗುವುದೂ ಅಲ್ಲೇ. ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಬಲ ಮೊಣಕೈಯನ್ನು ಮಡಚಿ ಮುಂಗೈಯನ್ನು ಹೊಟ್ಟೆಯ ಮೇಲೆ ಇಡಿ. ಭುಜದ ತುದಿಯಲ್ಲಿ ಕೈಗೆ ಸಿಗುವ ಗಟ್ಟಿ ಮೂಳೆ ಒಂದಿದೆ. ಮೊಣಕೈಯ ತುದಿಯ ಮೂಳೆ ಇನ್ನೊಂದು. ತೋಳಿನ ಹಿಂಬದಿಯಲ್ಲಿ ಇವೆರಡರ ನಡುವಿನ ಉದ್ದ ಅಳೆದು ಸರಿಯಾಗಿ ಅರ್ಧದಲ್ಲಿ ಪೆನ್ನಿನಿಂದ ಗುರುತು ಹಾಕಿ. ಕಣ್ಣಂದಾಜಿನಲ್ಲಿ ನಡು ಗುರುತಿಸಬೇಡಿ. ತೋಳು ಮೇಲೆ ದಪ್ಪ, ಕೆಳಗೆ ಸಣ್ಣ. ಗುರುತು ಸ್ವಲ್ಪ ಮೇಲೆ ಹೋದರೂ ಅಳತೆ ಏರುತ್ತದೆ. ಭುಜದಿಂದ ಗುರುತಿನ ತನಕ ಎಷ್ಟು ಅಂತ ಬರೆದಿಟ್ಟುಕೊಳ್ಳಿ, ಉದಾಹರಣೆಗೆ "ಭುಜದಿಂದ 15.5". ಮುಂದಿನ ತಿಂಗಳು ಆ ಜಾಗವೇ ಸಿಗುತ್ತದೆ.

ಗುರುತು ಹಾಕಿದ ಮೇಲೆ ಕೈಯನ್ನು ಬಿಡಿಸಿ ಮೈ ಪಕ್ಕದಲ್ಲಿ ಉದ್ದಕ್ಕೆ ಇಡಿ, ಅಂಗೈ ಮೇಲಕ್ಕಿರಲಿ. ಮೊಣಕೈ ಅಡಿಗೆ ಒಂದು ಬೈರಾಸು ಮಡಚಿ ಇಟ್ಟರೆ ತೋಳು ಹಾಸಿಗೆಯಿಂದ ಸ್ವಲ್ಪ ಮೇಲೇಳುತ್ತದೆ, ಟೇಪು ಕೆಳಗಿನಿಂದ ಹಾಯಲು ಜಾಗ ಸಿಗುತ್ತದೆ. ಇದನ್ನು ಮಾಡದಿದ್ದರೆ ತೋಳಿನ ಮಾಂಸ ಹಾಸಿಗೆಗೆ ಒತ್ತಿ ಚಪ್ಪಟೆಯಾಗಿ, ಸುತ್ತಳತೆ ಬೇರೆಯೇ ಬರುತ್ತದೆ. ರವಿಕೆಯ ತೋಳು, ನೈಟಿಯ ತೋಳು ಪೂರ್ತಿ ಮೇಲಕ್ಕೆ ಸರಿಸಿ. ಮೇಲೆ ಮಡಚಿದ ಬಟ್ಟೆ ಬಿಗಿಯಾಗಿದ್ದರೆ ಅದೂ ಮಾಂಸವನ್ನು ಕೆಳಕ್ಕೆ ತಳ್ಳುತ್ತದೆ.

ಟೇಪು ಚರ್ಮಕ್ಕೆ ಸುತ್ತಲೂ ತಾಗಬೇಕು, ಆದರೆ ಎಲ್ಲೂ ಅದುಮಬಾರದು. ವಯಸ್ಸಾದವರ ತೋಳಿನ ಚರ್ಮ ಸಡಿಲ. ಸ್ವಲ್ಪ ಎಳೆದರೆ ಟೇಪು ಒಳಗೆ ಹೋಗಿಬಿಡುತ್ತದೆ. ಟೇಪಿನ ಅಂಚಿನಲ್ಲಿ ಚರ್ಮ ಉಬ್ಬಿ ಬಂದರೆ ಬಿಗಿಯಾಯಿತು ಅಂತ ಅರ್ಥ. ಟೇಪಿನ ಕೆಳಗೆ ಬೆರಳು ಸಲೀಸಾಗಿ ಹೋದರೆ ಸಡಿಲ ಆಯಿತು ಅಂತ ಅರ್ಥ. ನಿಮ್ಮ ಅಮ್ಮನ ವಿಷಯದಲ್ಲೇ ಹೇಳುವುದಾದರೆ, ಬಿಗಿಯಾಗಿ ಹಿಡಿದು 21 ಬಂದರೆ ತೂಕ 40.9, ಸಡಿಲ ಹಿಡಿದು 23 ಬಂದರೆ 46.3 ಕಿಲೋ. ಅದೇ ತೋಳು, ಅದೇ ದಿನ, ಐದು ಕಿಲೋಗಿಂತ ಜಾಸ್ತಿ ವ್ಯತ್ಯಾಸ. ಟೇಪನ್ನೂ ಒಮ್ಮೆ ಪರೀಕ್ಷಿಸಿ. ಹಳೆಯ ಬಟ್ಟೆಯ ಟೇಪು ಎಳೆದೂ ಎಳೆದೂ ಉದ್ದವಾಗಿರುತ್ತದೆ. ಸ್ಟೀಲ್ ಸ್ಕೇಲಿನ ಪಕ್ಕದಲ್ಲಿಟ್ಟು 30 ಸೆಂ.ಮೀ. ಸರಿ ಬರುತ್ತದಾ ನೋಡಿ.

ಇಷ್ಟೆಲ್ಲ ಜಾಗ್ರತೆ ಮಾಡಿದ ಮೇಲೆ ಸಿಗುವ ತೂಕ ಪಕ್ಕಾ ಅಂತ ತಿಳಿಯಬೇಡಿ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಲೆಕ್ಕದಲ್ಲಿ 43.6 ಅಂತ ದಶಮಾಂಶ ಸಮೇತ ಬಂದರೆ ತಕ್ಕಡಿಯಲ್ಲೇ ತೂಗಿದ ಹಾಗೆ ಅನಿಸುತ್ತದೆ. ವಯಸ್ಸಾದ ಹೆಂಗಸರಿಗೆ ಈ ಸೂತ್ರದ ತೂಕ ನಿಜವಾದ ತೂಕಕ್ಕಿಂತ ಸುಮಾರು 11 ಕಿಲೋ ತನಕ ಆಚೆಗೋ ಈಚೆಗೋ ಇರಬಹುದು. ಎತ್ತರದಲ್ಲೂ ಎಂಟು ಸೆಂ.ಮೀ. ಹತ್ತಿರ ಆಚೀಚೆ ಆಗಬಹುದು. ಅಷ್ಟೇ ಅಲ್ಲ, ಇದು ಅಮೆರಿಕದ ಜನರನ್ನು ಅಳೆದು ಮಾಡಿದ ಸೂತ್ರ. ನಮ್ಮವರ ಕಾಲಿಗೂ ಮೈಗೂ ಇರುವ ಪ್ರಮಾಣ ಬೇರೆ ಇರಬಹುದು. ಸೂತ್ರದ ಚಾರ್ಟಿನಲ್ಲಿ ಅಲ್ಲಿನ ಬಿಳಿಯರಿಗೆ ಒಂದು ಸಾಲು, ಕರಿಯರಿಗೆ ಒಂದು ಸಾಲು, ವಯಸ್ಸಿಗೆ ತಕ್ಕಂತೆ ಬೇರೆ ಸಾಲು ಇರುತ್ತವೆ. ಯಾವುದೂ ನಮ್ಮದಲ್ಲ. ಸಾಮಾನ್ಯವಾಗಿ ನಾವು ಬಳಸುವುದು ಮೇಲೆ ಬರೆದ ಸಾಲನ್ನು. ನಿಮ್ಮ ಅಮ್ಮನ ಅಳತೆಯನ್ನು ಅವರ ವಯಸ್ಸಿನ ಎರಡೂ ಸಾಲುಗಳಿಗೆ ಹಾಕಿ ನೋಡಿದೆ. 41.5ರಿಂದ 43.6ರ ಒಳಗೇ ಬರುತ್ತದೆ. ಸಾಲು ತಪ್ಪಿದರೆ ಹೋಗುವುದು ಎರಡು ಕಿಲೋ, ಟೇಪು ತಪ್ಪಿದರೆ ಹೋಗುವುದು ಹತ್ತು ಕಿಲೋ.

ಅದಕ್ಕೇ ನಾನು ಒಂದೇ ಸೂತ್ರ ನಂಬಿ ಕೂರುವುದಿಲ್ಲ. ಇನ್ನೂ ಎರಡು ಸುಲಭದ ದಾರಿಯಿಂದ ಅದೇ ತೋಳನ್ನು ಪರಿಶೀಲಿಸುತ್ತೇನೆ. ಒಂದು, ತುರ್ತು ಚಿಕಿತ್ಸೆಯವರು ಬಳಸುವ ಸರಳ ಲೆಕ್ಕ: ತೋಳಿನ ಸುತ್ತಳತೆಯನ್ನು ನಾಲ್ಕರಿಂದ ಗುಣಿಸಿ 50 ಕಳೆಯುವುದು. 22ಕ್ಕೆ ಅದು 38 ಕಿಲೋ. ಇನ್ನೊಂದು, ತೋಳಿನಿಂದ ನೇರವಾಗಿ ಬಿಎಂಐ, ಅಂದರೆ ಎತ್ತರಕ್ಕೆ ತೂಕ ಎಷ್ಟಿದೆ ಅಂತ ಹೇಳುವ ಅಂಕಿ, ಕಂಡುಹಿಡಿಯುವುದು. ಹೆಂಗಸರಿಗೆ 1.10 × ತೋಳು − 6.7. ಅಮ್ಮನಿಗೆ 17.5 ಬರುತ್ತದೆ. 151.3 ಸೆಂ.ಮೀ. ಎತ್ತರಕ್ಕೆ ಅದು 40 ಕಿಲೋ ಆಗುತ್ತದೆ. ಮೂರು ದಾರಿಯಲ್ಲಿ 38, 40, 44. ಹಾಗಾಗಿ ನಾನು ಫೈಲಿನಲ್ಲಿ "ಅಂದಾಜು 38–44 ಕಿಲೋ, ತೋಳು 22 ಬಲ" ಅಂತ ಬರೆಯುತ್ತೇನೆ. 43.6 ಅಂತ ಬರೆಯುವುದಕ್ಕಿಂತ ಅದೇ ಹೆಚ್ಚು ಪ್ರಾಮಾಣಿಕ.

ಮೂರೂ ಸೇರಿ ಹೇಳುವ ಮಾತಂತೂ ಒಂದೇ. ತೋಳು 23.5 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಬಿಎಂಐ 20ಕ್ಕಿಂತ ಕಡಿಮೆ ಇರುವ ಸಾಧ್ಯತೆ ಹೆಚ್ಚು ಅಂತ ಪೌಷ್ಟಿಕತೆ ತಪಾಸಣೆಯಲ್ಲಿ ಲೆಕ್ಕ ಹಿಡಿಯುತ್ತಾರೆ. ನಿಮ್ಮ ಅಮ್ಮ ಅದಕ್ಕಿಂತ ಕೆಳಗಿದ್ದಾರೆ. ಎರಡನೆಯ ಅಳತೆಯನ್ನು ನಂಬಿದರೆ ಬಿಎಂಐ 21.8, ಅಂದರೆ ಏನೂ ತೊಂದರೆ ಇಲ್ಲ ಅಂತ ತೋರುತ್ತದೆ. ಊದಿದ ಕೈ ಮತ್ತು ಜೋತುಬಿದ್ದ ಪಾದ ಸೇರಿ ಅಮ್ಮನ ಅಪೌಷ್ಟಿಕತೆಯನ್ನು ಮುಚ್ಚಿಬಿಟ್ಟವು. ಅದರ ಮೇಲೆ ಫೀಡ್ ಕಡಿಮೆ ಮಾಡಿ ಅಂದರೆ ಏನಾಗುತ್ತದೆ ಅಂತ ನಿಮಗೇ ಗೊತ್ತು.

ಫೀಡಿನ ವಿಷಯ ಬಂದದ್ದಕ್ಕೆ ಹೇಳುತ್ತೇನೆ. ಇಂಥವರಿಗೆ ಕಿಲೋಗೆ ದಿನಕ್ಕೆ 25ರಿಂದ 30 ಕ್ಯಾಲೊರಿ ಅಂತ ಸಾಮಾನ್ಯವಾಗಿ ಲೆಕ್ಕ ಹಾಕುತ್ತೇವೆ. 30ರ ಲೆಕ್ಕದಲ್ಲಿ 38 ಕಿಲೋಗೆ 1140, 44 ಕಿಲೋಗೆ 1320. ತೂಕದ ಅಂದಾಜಿನಲ್ಲಿ ಆರು ಕಿಲೋ ಅನಿಶ್ಚಿತ ಇದ್ದರೂ ಫೀಡಿನಲ್ಲಿ ಆಗುವ ವ್ಯತ್ಯಾಸ 200 ಕ್ಯಾಲೊರಿಯ ಒಳಗೆ. ನಿಮ್ಮ ಡಯಟೀಷಿಯನ್ ಜೊತೆ ಮಾತಾಡಿ 1200–1300ರ ಹತ್ತಿರ ಇಟ್ಟುಕೊಂಡು ತೋಳು ಏನು ಹೇಳುತ್ತದೆ ಅಂತ ನೋಡುತ್ತಾ ಹೋಗಬಹುದು. ಈಗ ಏನು ಕೊಡುತ್ತಿದ್ದೀರಿ ಅಂತ ನೀವು ಬರೆದಿಲ್ಲ. ಕುಚ್ಚಲಕ್ಕಿ ಗಂಜಿಯ ತಿಳಿಯನ್ನೇ ಸೋಸಿ ಟ್ಯೂಬಿಗೆ ಹಾಕುವುದು ನಮ್ಮ ಕಡೆ ತುಂಬಾ ಮನೆಗಳಲ್ಲಿದೆ. ಗ್ಲಾಸಿನ ಲೆಕ್ಕದಲ್ಲಿ ಹೊಟ್ಟೆ ತುಂಬುತ್ತದೆ, ಆದರೆ ಅದರಲ್ಲಿ ಶಕ್ತಿ ಕಡಿಮೆ, ಪ್ರೋಟೀನ್ ಇನ್ನೂ ಕಡಿಮೆ. ಎಷ್ಟು ಎಂ.ಎಲ್. ಅನ್ನುವುದರ ಜೊತೆ ಅದರಲ್ಲಿ ಏನಿದೆ ಅಂತಲೂ ಬರೆದು ತೋರಿಸಿ. ಜಾಸ್ತಿ ಮಾಡುವುದಿದ್ದರೂ ಒಮ್ಮೆಲೇ ಬೇಡ, ಸ್ವಲ್ಪಸ್ವಲ್ಪವಾಗಿ.

ಔಷಧದ ಮಾತೇ ಬೇರೆ. ರಕ್ತ ತೆಳುವಾಗಿಸುವ ಕೆಲವು ಇಂಜೆಕ್ಷನ್‌ಗಳ ಡೋಸು ಕಿಲೋ ಲೆಕ್ಕದ್ದು. ಎನಾಕ್ಸಪರಿನ್ ಚಿಕಿತ್ಸೆಗೆ ಕೊಡುವಾಗ ಕಿಲೋಗೆ 1 ಮಿಲಿಗ್ರಾಂ. ಮೂತ್ರಪಿಂಡದ ಕೆಲಸ ನೋಡಿ ಡೋಸು ಇಳಿಸುವ ಲೆಕ್ಕದಲ್ಲೂ ತೂಕ ಬರುತ್ತದೆ. ಅಂಥ ಕಡೆ 44ರ ಬದಲು 54 ಅಂತ ಹಿಡಿದರೆ ಅಪಾಯ. ಅಮ್ಮನ ಫೈಲಿನಲ್ಲಿ ತೂಕ ಬರೆದಿರುವ ಕಡೆಯಲ್ಲೆಲ್ಲ ಅದು ತೂಗಿದ್ದಾ, ಅಳೆದು ಅಂದಾಜು ಮಾಡಿದ್ದಾ ಅಂತ ಪಕ್ಕದಲ್ಲಿ ಬರೆಯಿಸಿ. ಆಸ್ಪತ್ರೆಗೆ ಸೇರಿಸಿದಾಗ ಬೆಡ್ ಸ್ಕೇಲ್ ಇದೆಯಾ ಅಂತ ಕೇಳಿ. ಎಲ್ಲ ಕಡೆ ಇರುವುದಿಲ್ಲ, ಇದ್ದರೆ ಒಮ್ಮೆ ತೂಗಿಸಿಕೊಳ್ಳಿ.

ಗಾಲಿಕುರ್ಚಿಯಲ್ಲಿ ಅರ್ಧ ಗಂಟೆ ಕೂರುವಷ್ಟು ಅಮ್ಮ ಗಟ್ಟಿಯಿದ್ದರೆ ಇನ್ನೊಂದು ದಾರಿ ಇದೆ. ಅಡಿಕೆ, ಗೇರುಬೀಜ ಖರೀದಿಸುವ ಅಂಗಡಿಯಲ್ಲಿ ಚೀಲ ತೂಗುವ ಎಲೆಕ್ಟ್ರಾನಿಕ್ ಪ್ಲಾಟ್‌ಫಾರ್ಮ್ ತಕ್ಕಡಿ ಇರುತ್ತದೆ. ಪಾದ ಇಡುವ ಪಟ್ಟಿ ಸಮೇತ ಕುರ್ಚಿ ಪೂರ್ತಿ ಅದರ ಮೇಲೆ ಹಿಡಿಸಬೇಕು. ಗಾಲಿ ಒಂದೂ ಹೊರಗೆ ತಾಗಬಾರದು. ಅಮ್ಮನ ಜೊತೆ ತೂಗಿ, ಆಮೇಲೆ ಖಾಲಿ ಕುರ್ಚಿಯನ್ನು ಅದೇ ದಿಂಬು, ಅದೇ ಬೆಡ್‌ಶೀಟ್ ಜೊತೆ ತೂಗಿ ಕಳೆಯಿರಿ. ಒಂದು ಸಲ ಹೀಗೆ ನಿಜವಾದ ತೂಕ ಸಿಕ್ಕಿತು ಅಂದುಕೊಳ್ಳಿ, ಉದಾಹರಣೆಗೆ 41. ಅದೇ ದಿನ ಬಲ ತೋಳು 22 ಇದ್ದು ಸೂತ್ರ 43.6 ಹೇಳಿದರೆ, ಅಮ್ಮನ ವಿಷಯದಲ್ಲಿ ಸೂತ್ರ ಎರಡೂವರೆ ಕಿಲೋ ಜಾಸ್ತಿ ಹೇಳುತ್ತದೆ ಅಂತ ಗೊತ್ತಾಯಿತು. ಮುಂದಿನ ಕೆಲವು ತಿಂಗಳು ಅಷ್ಟು ಕಳೆದುಕೊಂಡರೆ ಅಂದಾಜು ತುಂಬಾ ಹತ್ತಿರಕ್ಕೆ ಬರುತ್ತದೆ. ಮಗನೋ ಅಳಿಯನೋ ಎತ್ತಿಕೊಂಡು ಬಾತ್‌ರೂಮ್ ತಕ್ಕಡಿಯ ಮೇಲೆ ನಿಲ್ಲುವುದನ್ನು ಮಾತ್ರ ಮಾಡಬೇಡಿ. ಸ್ವಾಧೀನ ಇಲ್ಲದ ಭುಜ ಸಡಿಲ ಇರುತ್ತದೆ, ಕಂಕುಳಿಗೆ ಕೈ ಕೊಟ್ಟು ಎತ್ತಿದರೆ ಕೀಲು ಜಾರಬಹುದು.

ತಿಂಗಳಿಂದ ತಿಂಗಳಿಗೆ ಸೂತ್ರಕ್ಕಿಂತ ತೋಳಿನ ಅಂಕಿಯನ್ನೇ ನೋಡುತ್ತಾ ಹೋಗುವುದು ಒಳ್ಳೆಯದು. ಸೂತ್ರ ತಪ್ಪಿದರೂ ಅದೇ ಮನುಷ್ಯರಲ್ಲಿ ಹೆಚ್ಚುಕಡಿಮೆ ಒಂದೇ ಕಡೆಗೆ ತಪ್ಪುತ್ತದೆ. ಅದಕ್ಕೇ ಏರಿತಾ ಇಳಿಯಿತಾ ಅನ್ನುವುದು ಎಷ್ಟಿದೆ ಅನ್ನುವುದಕ್ಕಿಂತ ಹೆಚ್ಚು ನಂಬಿಕೆಯದ್ದು. ತೋಳಿನ ಸುತ್ತಳತೆ ನೂರಕ್ಕೆ ಹತ್ತರಷ್ಟು ಇಳಿದರೆ ತೂಕವೂ ಅಷ್ಟೋ ಅದಕ್ಕಿಂತ ಜಾಸ್ತಿಯೋ ಇಳಿದಿರುವ ಸಾಧ್ಯತೆ ಇದೆ. ಅಮ್ಮನಿಗೆ ಅಂದರೆ 22ರಿಂದ 19.8ಕ್ಕೆ. ಅಲ್ಲಿಯ ತನಕ ಕಾಯಬೇಡಿ. ಎರಡು ತಿಂಗಳು ಸತತವಾಗಿ ಅರ್ಧರ್ಧ ಸೆಂ.ಮೀ. ಇಳಿದರೂ ಡಯಟೀಷಿಯನ್‌ಗೆ ತೋರಿಸಿ. ವಾರವಾರ ಅಳೆಯುವುದರಿಂದ ಪ್ರಯೋಜನ ಇಲ್ಲ, ಟೇಪಿನ ಆಚೀಚೆಯೇ ನಿಜವಾದ ಬದಲಾವಣೆಗಿಂತ ಜಾಸ್ತಿ ಇರುತ್ತದೆ. ತಿಂಗಳಿಗೊಮ್ಮೆ, ಆದಷ್ಟು ಒಬ್ಬರೇ, ಬೆಳಿಗ್ಗೆ ಫೀಡಿಗೆ ಮುಂಚೆ ಅಳೆದು ಬರೆಯಿರಿ.

ಇವತ್ತು ಮಾಡಬೇಕಾದ್ದು ಇಷ್ಟು. ಎರಡೂ ತೋಳು, ಬಲ ಮಂಡಿ ಅಳೆಯಿರಿ. ಎಡಗೈ ಒತ್ತಿ ನೋಡಿ. ಬಲ ಮಂಡಿ 46ರ ಹತ್ತಿರ ಬಂದರೆ ಎರಡನೆಯ ಕಾಗದದ ಮೇಲೆ ಅಡ್ಡಗೆರೆ ಹಾಕಿ, "ಎಡಗಡೆ ಅಳೆದದ್ದು, ಬಳಸಬೇಡಿ" ಅಂತ ಬರೆದು ಫೈಲಿನಲ್ಲೇ ಇಡಿ. ಹರಿದು ಎಸೆಯಬೇಡಿ, ಮುಂದಿನ ಸಲ ಡಾಕ್ಟರ್ 53.6 ಎಲ್ಲಿಂದ ಬಂತು ಅಂತ ಕೇಳಿದರೆ ಬೇಕಾಗುತ್ತದೆ. ಬಲಗಡೆಯಲ್ಲೂ 49 ಬಂದರೆ ಮಾತ್ರ ನನ್ನ ಅಂದಾಜು ತಪ್ಪು. ಆಗ ಮೊದಲ ಅಳತೆಯೇ ಕಡಿಮೆ ಬಂದಿದೆ ಅಂತಾಯಿತು. ಹಾಗಾದರೂ ಎತ್ತರವನ್ನು 156.8 ಅಂತ ಹಿಡಿದು, ಬಲ ತೋಳಿನ ಅಂಕಿಯಿಂದ ತೂಕವನ್ನು ಹೊಸದಾಗಿ ಲೆಕ್ಕ ಹಾಕಿ. ತೋಳು 22 ಇದ್ದರೆ ಅದು 46.9 ಕಿಲೋ, ಬಿಎಂಐ 19. ಆಗಲೂ ಫೀಡ್ ಕಡಿಮೆ ಮಾಡುವ ಹಾಗಿಲ್ಲ.